ಬೆಲ್ಲದ ಬಾಕಿ ತೊಂಬತ್ತು ಸಾವಿರ: ಸೆಟ್-ಆಫ್ ಎಂದರೆ ಉಳಿಯುತ್ತದೆ, ಕೌಂಟರ್‌ಕ್ಲೇಮ್ ಎಂದರೆ ಹೋಗುತ್ತದೆ

ಸಿವಿಲ್ ನ್ಯಾಯಾಧೀಶರ ಹುದ್ದೆಯ ಪೂರ್ವಭಾವಿ ಪರೀಕ್ಷೆಗೆ ಓದುವವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 6 ಮತ್ತು 8ನೆಯ ಆದೇಶಗಳನ್ನು ಸಾಮಾನ್ಯವಾಗಿ ನಿಯಮದ ಸಂಖ್ಯೆಗಳ ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ವಾದಿ ಕೇಳುವ ಹಣದಲ್ಲಿ ತನಗೆ ಬರಬೇಕಾದ್ದನ್ನು ಕಳೆಯಬೇಕೆಂದು ಪ್ರತಿವಾದಿ ಕೇಳುವುದು ಸೆಟ್-ಆಫ್, ಅದೇ ದಾವೆಯಲ್ಲಿ ವಾದಿಯ ಮೇಲೆ ತನ್ನದೇ ಕೋರಿಕೆ ಹೂಡುವುದು ಕೌಂಟರ್‌ಕ್ಲೇಮ್. ಆದೇಶ 8ರ ನಿಯಮ 6 ಸೆಟ್-ಆಫ್, 6-ಎ ಕೌಂಟರ್‌ಕ್ಲೇಮ್, ಆದೇಶ 6ರ ನಿಯಮ 17 ತಿದ್ದುಪಡಿ ಎಂಬಷ್ಟು ಗೊತ್ತಿದ್ದರೆ ಸುಲಭದ ಪ್ರಶ್ನೆಗಳಿಗೆ ಅಂಕ ಬರುತ್ತದೆ. ಆದರೆ ಪ್ರಶ್ನೆಪತ್ರಿಕೆ ತಯಾರಿಸುವವರು ನಾಲ್ಕು ಸಾಲಿನ ಸಂಗತಿ ಕೊಟ್ಟು, ಎರಡು ದಿನಾಂಕ ಇಟ್ಟು, "ಪ್ರತಿವಾದಿಯ ಈ ಕೋರಿಕೆ ಊರ್ಜಿತವೇ?" ಎಂದು ಕೇಳಿದಾಗ ಪಟ್ಟಿ ಕೈಕೊಡುತ್ತದೆ. ಮಂಡ್ಯದಲ್ಲಿ ನಾನು ಪಾಠ ಹೇಳುವ ಕಿರಿಯ ವಕೀಲರಿಗಾಗಿ ಕಟ್ಟಿದ ಒಂದು ದಾವೆಯನ್ನು ಇಲ್ಲಿ ಪೂರ್ತಿಯಾಗಿ ಬಿಡಿಸಿಡುತ್ತೇನೆ. ಪಕ್ಷಕಾರರು ಕಲ್ಪಿತರು, ವ್ಯವಹಾರದ ರೀತಿ ಮಾತ್ರ ಈ ಜಿಲ್ಲೆಯಲ್ಲಿ ಎಲ್ಲರೂ ಕಂಡದ್ದು.

ವಾದಿ ಮಂಡ್ಯದ ಬೆಲ್ಲದ ಮಂಡಿ ವರ್ತಕ. ಪ್ರತಿವಾದಿ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಆಲೆಮನೆಯ ಮಾಲೀಕ. 10-6-2022ರಂದು ಪ್ರತಿವಾದಿ ಮಂಡ್ಯದಲ್ಲಿಯೇ ವಾದಿಯಿಂದ ಎರಡು ಲಕ್ಷ ರೂಪಾಯಿ ಸಾಲ ಪಡೆದು, ಕೇಳಿದಾಗ ಕೊಡುವ ಪ್ರಾಮಿಸರಿ ನೋಟು ಬರೆದುಕೊಟ್ಟಿದ್ದಾನೆ. ಹತ್ತು ದಿನ ಕಳೆದು, 20-6-2022ರಂದು, ಅದೇ ಪ್ರತಿವಾದಿ ಅದೇ ವರ್ತಕನಿಗೆ ಮೂವತ್ತು ಕ್ವಿಂಟಾಲ್ ಅಚ್ಚುಬೆಲ್ಲವನ್ನು ಕ್ವಿಂಟಾಲಿಗೆ 3,000 ರೂಪಾಯಿಯಂತೆ ಮಾರಿದ್ದಾನೆ. ತೂಕದ ಚೀಟಿಯ ಮೇಲೆ ದರವನ್ನೂ ಬರೆದು ವರ್ತಕ ಸಹಿ ಹಾಕಿದ್ದಾನೆ. ಹಣ ಮಾತ್ರ ಕೊಟ್ಟಿಲ್ಲ. ಯಾವಾಗ ಕೊಡಬೇಕೆಂದು ವಾಯಿದೆಯನ್ನೂ ಗೊತ್ತುಮಾಡಿಲ್ಲ. ಆಮೇಲೆ ಈ ಬಾಬ್ತಿನಲ್ಲಿ ಯಾವ ಪಾವತಿಯೂ ಆಗಿಲ್ಲ, ಬಾಕಿಯನ್ನು ಒಪ್ಪಿದ ಬರಹವೂ ಇಲ್ಲ.

ಇಬ್ಬರ ನಡುವೆ ಇನ್ನೊಂದು ವ್ಯವಹಾರವೂ ಇದೆ. 2023ರ ಕೊನೆಯಲ್ಲಿ ಇನ್ನೂರು ಕ್ವಿಂಟಾಲ್ ಬೆಲ್ಲವನ್ನು ಕ್ವಿಂಟಾಲಿಗೆ 4,000 ರೂಪಾಯಿಯಂತೆ ಕೊಳ್ಳುವುದಾಗಿ ವರ್ತಕ ಬೇರೆ ಕರಾರು ಮಾಡಿಕೊಂಡು, 15-1-2024ರಂದು ಸರಕು ಎತ್ತಲು ನಿರಾಕರಿಸಿದ್ದಾನೆ. ಪ್ರತಿವಾದಿ ಅದನ್ನು ಬೇರೆಯವರಿಗೆ 3,200 ರೂಪಾಯಿಯಂತೆ ಮಾರಿದ್ದೇನೆಂದೂ, ಕ್ವಿಂಟಾಲಿಗೆ 800 ರೂಪಾಯಿಯಂತೆ 1,60,000 ರೂಪಾಯಿ ನಷ್ಟವಾಯಿತೆಂದೂ ಹೇಳುತ್ತಾನೆ.

2-6-2025ರಂದು ವರ್ತಕ ನೋಟಿನ ಅಸಲು, ಬಡ್ಡಿ ಸೇರಿಸಿ 2,70,000 ರೂಪಾಯಿಗೆ ಮಂಡ್ಯದ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತಾನೆ. ನೋಟಿಗೆ ಮೂರು ವರ್ಷ ತುಂಬಲು ಇನ್ನೂ ಎಂಟು ದಿನ ಉಳಿದಿದೆ. ಸಮನ್ಸ್ 23-6-2025ರಂದು ಜಾರಿಯಾಗುತ್ತದೆ. ಪ್ರತಿವಾದಿ 15-7-2025ರಂದು, ಮೂವತ್ತು ದಿನದ ಒಳಗೇ, ಲಿಖಿತ ಹೇಳಿಕೆ ಸಲ್ಲಿಸುತ್ತಾನೆ. ನೋಟನ್ನು ಒಪ್ಪುತ್ತಾನೆ, ಆದರೆ ಬೆಲ್ಲದ ಬಾಕಿ ತೊಂಬತ್ತು ಸಾವಿರವನ್ನೂ ಕರಾರು ಮುರಿದ ನಷ್ಟ 1,60,000ವನ್ನೂ ತನಗೆ ಕೊಡಿಸಬೇಕೆಂದು ಕೇಳುತ್ತಾನೆ.

ಮೊತ್ತವನ್ನು ಮೂರು ಲಕ್ಷದ ಕೆಳಗೆ ಬೇಕೆಂದೇ ಇಟ್ಟಿದ್ದೇನೆ. ವರ್ತಕರ ನಡುವಿನ ಇಂಥ ವ್ಯವಹಾರದ ದಾವೆ ಮೂರು ಲಕ್ಷ ಮುಟ್ಟಿದರೆ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಬಾಗಿಲಿಗೆ ಬರುತ್ತದೆ. ಅಲ್ಲಿ ಲಿಖಿತ ಹೇಳಿಕೆಗೆ 120 ದಿನ ದಾಟಿದರೆ ಕ್ಷಮೆಯಿಲ್ಲ. ಸಾಮಾನ್ಯ ದಾವೆಯಲ್ಲಿ ಮೂವತ್ತು, ಹೆಚ್ಚೆಂದರೆ ತೊಂಬತ್ತು ದಿನ ಎಂದು 8ನೆಯ ಆದೇಶದ ಮೊದಲ ನಿಯಮ ಹೇಳಿದರೂ, ಆ ಗಡುವು ನಿರ್ದೇಶನಾತ್ಮಕವೇ ಹೊರತು ಕಡ್ಡಾಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2005ರ ಕೈಲಾಶ್ ವಿರುದ್ಧ ನನ್ಕು ತೀರ್ಪಿನಲ್ಲಿ ಹೇಳಿದೆ. ಪ್ರಶ್ನೆಯಲ್ಲಿ "ವಾಣಿಜ್ಯ ವಿವಾದ" ಎಂಬ ಎರಡು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಉತ್ತರ ತಿರುಗುತ್ತದೆ.

ಪ್ಲೀಡಿಂಗ್ ಎಂದರೆ ವಾದಪತ್ರ ಅಥವಾ ಲಿಖಿತ ಹೇಳಿಕೆ. ಅದರಲ್ಲಿ ಇರಬೇಕಾದ್ದು ಮುಖ್ಯ ಸಂಗತಿಗಳು, ಸಾಕ್ಷ್ಯವಲ್ಲ. ನಮ್ಮ ದಾವೆಯಲ್ಲಿ ಇದನ್ನು ತೂಕದ ಚೀಟಿಯ ಮೇಲೆ ಇಟ್ಟು ನೋಡಬಹುದು. ಬೆಲ್ಲ ಕೊಟ್ಟ ದಿನ, ತೂಕ, ಒಪ್ಪಿದ ದರ, ಹಣ ಬಂದಿಲ್ಲ ಎಂಬುದು, ಇವು ನಾಲ್ಕೂ ಮುಖ್ಯ ಸಂಗತಿಗಳು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಕೋರಿಕೆ ಕುಂಟುತ್ತದೆ. ಆ ಚೀಟಿಯನ್ನು ಯಾರು ಬರೆದರು, ತೂಕ ಹಾಕುವಾಗ ಯಾರು ನಿಂತಿದ್ದರು, ವರ್ತಕನ ಗುಮಾಸ್ತ ಆಮೇಲೆ ಏನೆಂದ ಎಂಬುದೆಲ್ಲ ಸಾಕ್ಷ್ಯ. ಲಿಖಿತ ಹೇಳಿಕೆಯಲ್ಲಿ ಅದಕ್ಕೆ ಸ್ಥಳವಿಲ್ಲ. ಚೀಟಿಯನ್ನು ದಾಖಲೆಯಾಗಿ ಜೊತೆಗೆ ಹಾಜರುಪಡಿಸಬೇಕು, ಅಷ್ಟೆ.

ವಾದಿಯ ಕಡೆಯಿಂದ ಹುಟ್ಟುವ ಪ್ರಶ್ನೆ ಇನ್ನೂ ಚೆನ್ನಾಗಿದೆ. ನೋಟಿಗೆ ಪ್ರತಿಫಲ ಸಂದಿದೆ ಎಂದು ವಾದಪತ್ರದಲ್ಲಿ ಹೇಳಲೇಬೇಕೇ? ಬೇಕಿಲ್ಲ. ಕಾನೂನು ಯಾವ ಸಂಗತಿಯನ್ನು ಪಕ್ಷಕಾರನ ಪರವಾಗಿ ಪೂರ್ವಭಾವಿಸುತ್ತದೆಯೋ, ಅದನ್ನು ಎದುರು ಪಕ್ಷ ನಿರ್ದಿಷ್ಟವಾಗಿ ಅಲ್ಲಗಳೆಯುವವರೆಗೆ ಪ್ಲೀಡ್ ಮಾಡಬೇಕಾಗಿಲ್ಲ ಎಂದು 6ನೆಯ ಆದೇಶದ ನಿಯಮ 13 ಹೇಳುತ್ತದೆ. ಆ ನಿಯಮ ಕೊಡುವ ಉದಾಹರಣೆಯೂ ಹುಂಡಿಯ ಪ್ರತಿಫಲದ್ದೇ. ಆದರೆ ವಾದಿ ನೋಟನ್ನು ಬದಿಗಿಟ್ಟು ಮೂಲ ಸಾಲದ ಮೇಲೆಯೇ ದಾವೆ ನಿಲ್ಲಿಸಿದರೆ ಈ ರಿಯಾಯಿತಿ ಇಲ್ಲ.

ಈಗ ತೊಂಬತ್ತು ಸಾವಿರಕ್ಕೆ ಬರೋಣ. ಈ ಪ್ರಕರಣ ಕಟ್ಟಿದ್ದೇ ಅದಕ್ಕಾಗಿ.

ವಾಯಿದೆ ಗೊತ್ತುಮಾಡದೆ ಮಾರಿದ ಸರಕಿನ ಬೆಲೆಗೆ ಕಾಲಮಿತಿ, ಸರಕು ಕೊಟ್ಟ ದಿನದಿಂದ ಮೂರು ವರ್ಷ. ಬೆಲ್ಲ ಕೊಟ್ಟದ್ದು 20-6-2022. ಆದ್ದರಿಂದ ಆ ಹಣಕ್ಕಾಗಿ ಪ್ರತಿವಾದಿ ಬೇರೆ ದಾವೆ ಹೂಡುವುದಾಗಿದ್ದರೆ 20-6-2025 ಕೊನೆಯ ದಿನ. ಅವನಿಗೆ ಸಮನ್ಸ್ ಮುಟ್ಟಿದ್ದೇ 23ರಂದು. ಲಿಖಿತ ಹೇಳಿಕೆ ಹಾಕಿದ್ದು ಜುಲೈ 15ರಂದು. ಮೇಲ್ನೋಟಕ್ಕೆ ಇಪ್ಪತ್ತೈದು ದಿನ ತಡವಾಗಿದೆ, ಹಣ ಮುಳುಗಿದೆ ಎಂದೇ ಅನ್ನಿಸುತ್ತದೆ.

ಇಲ್ಲಿ 1963ರ ಕಾಲಮಿತಿ ಕಾಯಿದೆಯ 3ನೆಯ ಕಲಮಿನ ಎರಡನೆಯ ಉಪಕಲಮನ್ನು ತೆರೆಯಬೇಕು. ಸೆಟ್-ಆಫ್ ಆಗಲಿ ಕೌಂಟರ್‌ಕ್ಲೇಮ್ ಆಗಲಿ, ಎರಡನ್ನೂ ಪ್ರತ್ಯೇಕ ದಾವೆಯೆಂದೇ ಎಣಿಸಬೇಕು ಎಂದು ಅದು ಮೊದಲು ಹೇಳುತ್ತದೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಸೆಟ್-ಆಫ್ ಆದರೆ, ಅದನ್ನು ಎತ್ತಿದ ದಾವೆ ಯಾವ ದಿನ ಹೂಡಲ್ಪಟ್ಟಿತೋ ಅದೇ ದಿನ ಹೂಡಿದಂತೆ. ಕೌಂಟರ್‌ಕ್ಲೇಮ್ ಆದರೆ, ಅದನ್ನು ನ್ಯಾಯಾಲಯದಲ್ಲಿ ಮಂಡಿಸಿದ ದಿನ ಹೂಡಿದಂತೆ. ನಮ್ಮ ದಿನಾಂಕಗಳನ್ನು ಇದರ ಮುಂದೆ ಇಟ್ಟರೆ ಫಲ ಸ್ಪಷ್ಟ. ತೊಂಬತ್ತು ಸಾವಿರವನ್ನು ಸೆಟ್-ಆಫ್ ಆಗಿ ಕೇಳಿದರೆ ಅದು 2-6-2025ರಂದೇ ಕೇಳಿದಂತೆ, ಗಡುವಿಗೆ ಇನ್ನೂ ಹದಿನೆಂಟು ದಿನ ಇತ್ತು. ಕೌಂಟರ್‌ಕ್ಲೇಮ್ ಆಗಿ ಕೇಳಿದರೆ ಅದು 15-7-2025ರ ಕೋರಿಕೆ, ಕಾಲಮಿತಿ ಮೀರಿದೆ. ಹಣ ಅದೇ, ಚೀಟಿ ಅದೇ, ಲಿಖಿತ ಹೇಳಿಕೆಯ ಹಾಳೆಯೂ ಅದೇ.

ಪ್ರಶ್ನೆಪತ್ರಿಕೆಯಲ್ಲಿ ಇದು ಹೀಗೆ ಬರಬಹುದು.

ಪ್ರತಿವಾದಿಯ ಸೆಟ್-ಆಫ್ ಕೋರಿಕೆಯ ಕಾಲಮಿತಿಯನ್ನು ಯಾವ ದಿನಾಂಕಕ್ಕೆ ಎಣಿಸಬೇಕು?
(ಅ) ಸಮನ್ಸ್ ಜಾರಿಯಾದ ದಿನ
(ಆ) ವಾದಿ ದಾವೆ ಹೂಡಿದ ದಿನ
(ಇ) ಲಿಖಿತ ಹೇಳಿಕೆ ಸಲ್ಲಿಸಿದ ದಿನ
(ಈ) ವಿವಾದಾಂಶ ರಚಿಸಿದ ದಿನ

ಉತ್ತರ (ಆ). ಪ್ರಶ್ನೆಯಲ್ಲಿ ಸೆಟ್-ಆಫ್ ಎಂಬುದರ ಬದಲು ಕೌಂಟರ್‌ಕ್ಲೇಮ್ ಎಂದು ಬರೆದರೆ ಇದೇ ಆಯ್ಕೆಗಳಲ್ಲಿ ಉತ್ತರ (ಇ) ಆಗುತ್ತದೆ, ಏಕೆಂದರೆ ನಮ್ಮ ಸಂಗತಿಯಲ್ಲಿ ಕೌಂಟರ್‌ಕ್ಲೇಮ್ ನ್ಯಾಯಾಲಯದ ಮುಂದೆ ಬಂದದ್ದು ಲಿಖಿತ ಹೇಳಿಕೆಯೊಡನೆ. ಲಿಖಿತ ಹೇಳಿಕೆ ಸಲ್ಲಿಸಿದ ಮೇಲೆ ಪ್ರತ್ಯೇಕವಾಗಿ ಹಾಕಿದ್ದರೆ ಆ ನಂತರದ ದಿನವೇ ಲೆಕ್ಕ. ಇಬ್ಬರ ನಡುವೆ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ನಿರಂತರವಾಗಿ ನಡೆದು ಪರಸ್ಪರ ಚಾಲ್ತಿ ಖಾತೆ ಇದ್ದಿದ್ದರೆ ಕಾಲಮಿತಿಯ ಮಾತೇ ಬೇರೆಯಾಗುತ್ತಿತ್ತು. ಒಂದು ಸಾಲ, ಒಂದು ಮಾರಾಟದಿಂದ ಅಂಥ ಖಾತೆ ಹುಟ್ಟುವುದಿಲ್ಲ.

ಆದರೆ ಸೆಟ್-ಆಫ್ ಎಂದು ತಲೆಬರಹ ಕೊಟ್ಟ ಮಾತ್ರಕ್ಕೆ ಅದು ಸೆಟ್-ಆಫ್ ಆಗುವುದಿಲ್ಲ. ನಿಯಮ 6ರ ಷರತ್ತುಗಳನ್ನು ಈ ತೊಂಬತ್ತು ಸಾವಿರ ದಾಟಬೇಕು. ವಾದಿಯ ದಾವೆ ಹಣ ವಸೂಲಿಯದಾಗಿರಬೇಕು, ಇದೆ. ಪ್ರತಿವಾದಿ ಕೇಳುವ ಹಣ ಕಾನೂನಿನಂತೆ ವಸೂಲಿಗೆ ಅರ್ಹವಿರಬೇಕು. ದಾವೆಯ ದಿನ ಕಾಲಮಿತಿ ಉಳಿದಿತ್ತು, ಆದ್ದರಿಂದ ಇದೆ. ನ್ಯಾಯಾಲಯದ ಹಣಕಾಸಿನ ಅಧಿಕಾರವ್ಯಾಪ್ತಿಯನ್ನು ಮೀರಬಾರದು, ಮೀರಿಲ್ಲ. ಉಳಿದ ಎರಡು ಷರತ್ತುಗಳಲ್ಲಿ ಅಭ್ಯರ್ಥಿಗಳು ಎಡವುತ್ತಾರೆ: ಹಣ ನಿಶ್ಚಿತ ಮೊತ್ತವಾಗಿರಬೇಕು ಎಂಬುದು ಒಂದು, ಇಬ್ಬರೂ ದಾವೆಯಲ್ಲಿ ಇರುವ ಹೈಸಿಯತ್ತಿನಲ್ಲಿಯೇ ಆ ಹಣಕ್ಕೂ ಸಂಬಂಧಪಟ್ಟಿರಬೇಕು ಎಂಬುದು ಇನ್ನೊಂದು.

ನಿಶ್ಚಿತ ಮೊತ್ತದ ವಿಚಾರದಲ್ಲಿ ಎರಡು ತಪ್ಪು ತಿಳಿವಳಿಕೆಗಳು ಎದುರುಬದುರಾಗಿ ನಿಂತಿವೆ. ಎದುರು ಪಕ್ಷ ಒಪ್ಪಿದ ಹಣ ಮಾತ್ರ ನಿಶ್ಚಿತ ಎನ್ನುವುದು ಮೊದಲನೆಯದು. ವರ್ತಕ ತನ್ನ ಉತ್ತರದಲ್ಲಿ "ಬೆಲ್ಲವೇ ಬಂದಿಲ್ಲ, ಚೀಟಿಯ ಸಹಿ ನನ್ನದಲ್ಲ" ಎಂದರೂ ತೊಂಬತ್ತು ಸಾವಿರ ಅನಿಶ್ಚಿತವಾಗುವುದಿಲ್ಲ. ಮೂವತ್ತು ಕ್ವಿಂಟಾಲಿಗೆ ಒಪ್ಪಿದ ದರದಲ್ಲಿ ಎಷ್ಟು ಎಂಬುದು ಗುಣಾಕಾರ. ಬಾಕಿ ಇದೆಯೋ ಇಲ್ಲವೋ ಎಂಬುದು ರುಜುವಾತಿನ ಮಾತು. ವಿವಾದ ಇದ್ದೊಡನೆ ಸೆಟ್-ಆಫ್ ಬಿದ್ದುಹೋಗುವುದಾದರೆ ಯಾವ ಪ್ರತಿವಾದಿಗೂ ಆ ನಿಯಮ ಸಿಕ್ಕುತ್ತಿರಲಿಲ್ಲ.

ಎರಡನೆಯ ತಪ್ಪು ಇದರ ತಿರುವುಮುರುವು: ಅಂಕಿ ಬರೆದರೆ ಮೊತ್ತ ನಿಶ್ಚಿತ ಎನ್ನುವುದು. ಈ ಪ್ರಕರಣವನ್ನು ಬಿಡಿಸುವಾಗ ಒಬ್ಬರು ಕೇಳಿದರು: "ಸರ್, ಇನ್ನೂರು ಕ್ವಿಂಟಾಲ್, ಕ್ವಿಂಟಾಲಿಗೆ ಎಂಟುನೂರು ಅಂದರೆ ಅದೂ ಗುಣಾಕಾರವೇ ಅಲ್ಲವೇ? 1,60,000 ಯಾಕೆ ನಿಶ್ಚಿತ ಅಲ್ಲ?" ಪ್ರಶ್ನೆ ಸರಿಯಾದದ್ದೇ. ಉತ್ತರ ಇರುವುದು ಆ ಎಂಟುನೂರು ಎಲ್ಲಿಂದ ಬಂತು ಎಂಬುದರಲ್ಲಿ. ಮೂರು ಸಾವಿರದ ದರವನ್ನು ಇಬ್ಬರೂ ಕೂತು ಒಪ್ಪಿದ್ದರು. ಎಂಟುನೂರನ್ನು ಯಾರೂ ಒಪ್ಪಿಲ್ಲ. ಪ್ರತಿವಾದಿ ಬೆಲ್ಲವನ್ನು ಯಾವಾಗ ಮಾರಿದ, ಅಂದಿನ ಪೇಟೆ ದರ ನಿಜವಾಗಿ ಎಷ್ಟಿತ್ತು, ನಷ್ಟ ತಗ್ಗಿಸಿಕೊಳ್ಳಲು ತಕ್ಕ ಪ್ರಯತ್ನ ಮಾಡಿದನೇ, ಇವೆಲ್ಲವನ್ನೂ ತೂಗಿ ನ್ಯಾಯಾಲಯ ನಷ್ಟಪರಿಹಾರ ಇಷ್ಟು ಎಂದು ಹೇಳುವವರೆಗೆ ಅಲ್ಲಿ ಸಾಲವೇ ಇಲ್ಲ, ಕೋರಿಕೆ ಮಾತ್ರ ಇದೆ. ಸಂಹಿತೆಯೇ ನಿಯಮ 6ರ ಕೆಳಗೆ ಕೊಟ್ಟ ದೃಷ್ಟಾಂತಗಳಲ್ಲಿ ಒಂದು ಇದೇ ಜಾತಿಯದು: ಹುಂಡಿಯ ಮೇಲಿನ ದಾವೆಯಲ್ಲಿ ಪ್ರತಿವಾದಿ, ವಾದಿ ತನ್ನ ಸರಕಿಗೆ ವಿಮೆ ಮಾಡಿಸದೆ ತಪ್ಪಿದನೆಂದು ಪರಿಹಾರ ಕೇಳುತ್ತಾನೆ, ಮೊತ್ತ ನಿಶ್ಚಿತವಲ್ಲದ್ದರಿಂದ ಸೆಟ್-ಆಫ್ ಸಿಕ್ಕುವುದಿಲ್ಲ. ಹಾಗಾಗಿ 1,60,000 ಹೋಗಬೇಕಾದ ದಾರಿ ಕೌಂಟರ್‌ಕ್ಲೇಮ್. ಅದಕ್ಕೆ ಆತಂಕವೂ ಇಲ್ಲ: ಕರಾರು ಮುರಿದದ್ದು 15-1-2024, ಮೂರು ವರ್ಷದ ಅವಧಿ ಲಿಖಿತ ಹೇಳಿಕೆಯ ದಿನ ಇನ್ನೂ ಅರ್ಧದಷ್ಟು ಉಳಿದಿತ್ತು.

ಇಲ್ಲಿ ಸಂಗತಿಯನ್ನು ಸ್ವಲ್ಪ ಬದಲಿಸಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಮಂಡಿಯವರು ಆಲೆಮನೆಯವರಿಗೆ ಕೈಸಾಲ ಕೊಡುವುದು ಎಷ್ಟೋ ಸಲ ಬೆಲ್ಲ ತಮಗೇ ಬರಲಿ ಎಂಬ ಮುಂಗಡದ ರೂಪದಲ್ಲಿ. ಎರಡು ಲಕ್ಷವೂ ಇನ್ನೂರು ಕ್ವಿಂಟಾಲಿನ ಖರೀದಿ ಕರಾರೂ ಒಂದೇ ವ್ಯವಹಾರದ ಎರಡು ತುದಿಗಳಾಗಿದ್ದರೆ, ಮೊತ್ತ ಅನಿಶ್ಚಿತವಾಗಿದ್ದರೂ ಸಾಮ್ಯಾತ್ಮಕ ಸೆಟ್-ಆಫ್ ಕೇಳಬಹುದಿತ್ತು. 20ನೆಯ ಆದೇಶದ ನಿಯಮ 19, ಸೆಟ್-ಆಫ್ 8ನೆಯ ಆದೇಶದ ನಿಯಮ 6ರಂತೆಯೇ ಆಗಲಿ "ಅನ್ಯಥಾ" ಆಗಲಿ ಎಂದು ಹೇಳುವುದು ಇದಕ್ಕೇ ಆಧಾರ. ವ್ಯತ್ಯಾಸ ಇಷ್ಟು: ನಿಯಮ 6ರದ್ದನ್ನು ಹಕ್ಕಾಗಿ ಕೇಳಬಹುದು, ಇದನ್ನು ಕೊಡುವುದು ನ್ಯಾಯಾಲಯದ ವಿವೇಚನೆ. ನಮ್ಮ ದಾವೆಯಲ್ಲಿ ನೋಟು 2022ರದು, ಕರಾರು 2023ರದು, ಒಂದಕ್ಕೊಂದು ಸಂಬಂಧವಿಲ್ಲ. ಆ ಬಾಗಿಲು ಮುಚ್ಚಿದೆ.

ಹೈಸಿಯತ್ತಿನ ಷರತ್ತನ್ನು ಬೇಗ ಮುಗಿಸಬಹುದು. ಆಲೆಮನೆ ಪ್ರತಿವಾದಿಯ ಒಬ್ಬನದೇ ಆಗಿರದೆ ಅವನೂ ಅವನ ತಮ್ಮನೂ ಸೇರಿ ನಡೆಸುವ ಪಾಲುದಾರಿಕೆಯಾಗಿದ್ದು, ತೂಕದ ಚೀಟಿ ಪಾಲುದಾರಿಕೆಯ ಹೆಸರಿನಲ್ಲಿದ್ದರೆ, ಆ ತೊಂಬತ್ತು ಸಾವಿರ ಇಬ್ಬರಿಗೂ ಬರಬೇಕಾದ ಹಣ. ನೋಟಿನ ಸಾಲವಾದರೋ ಅಣ್ಣನೊಬ್ಬನದು. ಆಗ ಸೆಟ್-ಆಫ್ ಇಲ್ಲ. ತಮ್ಮ ತೀರಿಕೊಂಡು ಅಣ್ಣನೊಬ್ಬನೇ ಉಳಿದಿದ್ದರೆ ಮತ್ತೆ ಸಿಕ್ಕುತ್ತದೆ. ಉಳಿದುಕೊಂಡ ಪಾಲುದಾರನ ಈ ಅಪವಾದವನ್ನು ನಿಯಮದ ಕೊನೆಯ ದೃಷ್ಟಾಂತ ಹೇಳುತ್ತದೆ. ಓದುವಾಗ ಕೊನೆಯ ದೃಷ್ಟಾಂತಕ್ಕೆ ಬರುವ ಹೊತ್ತಿಗೆ ಬೇಸರ ಬಂದಿರುತ್ತದೆ, ಪ್ರಶ್ನೆ ತಯಾರಿಸುವವರಿಗೆ ಅದು ಗೊತ್ತಿರುತ್ತದೆ.

ಹಾಗಾದರೆ ಒಂದೇ ಲಿಖಿತ ಹೇಳಿಕೆಯಲ್ಲಿ ಎರಡನ್ನೂ ಕೇಳಬಹುದೇ? ಕೇಳಬಹುದು. 1976ರ ತಿದ್ದುಪಡಿಯಿಂದ ಬಂದ ನಿಯಮ 6-ಎ ಆರಂಭವಾಗುವುದೇ ಸೆಟ್-ಆಫ್ ಹಕ್ಕಿನ "ಜೊತೆಗೆ" ಎಂಬ ಅರ್ಥದಿಂದ. ಕೌಂಟರ್‌ಕ್ಲೇಮ್ ಹಣದ ದಾವೆಗೆ ಮಾತ್ರ ಸೀಮಿತವಲ್ಲ, ನಷ್ಟಪರಿಹಾರದ ಕೋರಿಕೆಯೂ ಆಗಬಹುದು, ವಾದಿಯ ದಾವೆಯ ವ್ಯವಹಾರದಿಂದಲೇ ಹುಟ್ಟಿರಬೇಕೆಂದೂ ಇಲ್ಲ. ಆದರೆ ಆಧಾರ ಬೇರೆ ಬೇರೆ ಇದ್ದಾಗ ಬೇರೆ ಬೇರೆಯಾಗಿ ಬರೆಯಬೇಕು. ಕೌಂಟರ್‌ಕ್ಲೇಮ್ ಎಂದು ಕೇಳುವುದಾದರೆ ಹಾಗೆಂದು ನಿರ್ದಿಷ್ಟವಾಗಿ ಹೇಳಬೇಕೆಂದು 6-ಬಿ ವಿಧಿಸುತ್ತದೆ. ಎರಡಕ್ಕೂ ವಾದಪತ್ರಕ್ಕೆ ಕಟ್ಟುವ ಹಾಗೆಯೇ ನ್ಯಾಯಾಲಯ ಶುಲ್ಕ ಕಟ್ಟಬೇಕು. ವಾದಿ ಇದಕ್ಕೆ ಉತ್ತರ ಸಲ್ಲಿಸಲು ನ್ಯಾಯಾಲಯದ ಅನುಮತಿ ಕೇಳಬೇಕಾಗಿಲ್ಲ. ಲಿಖಿತ ಹೇಳಿಕೆಯ ನಂತರ ಅನುಮತಿಯಿಲ್ಲದೆ ಇನ್ನೊಂದು ಪ್ಲೀಡಿಂಗ್ ಬರಬಾರದೆಂಬ ನಿಯಮ 9ಕ್ಕೆ ಇರುವ ಹೊರತು ಇದೊಂದೇ.

ಈಗ ಪ್ರಕರಣವನ್ನು ಕೆಡಿಸೋಣ. ಪ್ರತಿವಾದಿಯ ವಕೀಲರು ತೊಂಬತ್ತು ಸಾವಿರವನ್ನೂ 1,60,000ವನ್ನೂ ಕೂಡಿಸಿ, "2,50,000 ರೂಪಾಯಿ ಕೌಂಟರ್‌ಕ್ಲೇಮ್" ಎಂಬ ಒಂದೇ ತಲೆಬರಹದ ಕೆಳಗೆ ಹಾಕಿದರು ಎಂದಿಟ್ಟುಕೊಳ್ಳಿ. ಕಲ್ಪನೆಯಾದರೂ ಅಪರೂಪದ ಸಂಗತಿಯಲ್ಲ. ಕೂಡಿಸಿ ಬರೆದರೆ ಮೊತ್ತ ದೊಡ್ಡದಾಗಿ ಕಾಣುತ್ತದೆ. ವರ್ತಕ ತನ್ನ ಉತ್ತರದಲ್ಲಿ ತೊಂಬತ್ತು ಸಾವಿರ ಕಾಲಮಿತಿ ಮೀರಿದ್ದೆಂದು ತಕರಾರು ತೆಗೆಯುತ್ತಾನೆ. 12-9-2025ರಂದು ವಿವಾದಾಂಶಗಳು ರಚಿತವಾಗುತ್ತವೆ. 10-10-2025ರಂದು ವರ್ತಕ ಮುಖ್ಯ ವಿಚಾರಣೆಯ ಬದಲಿಗೆ ಪ್ರಮಾಣಪತ್ರ ಸಲ್ಲಿಸುತ್ತಾನೆ. 14-11-2025ರಂದು ಪ್ರತಿವಾದಿ 6ನೆಯ ಆದೇಶದ ನಿಯಮ 17ರ ಕೆಳಗೆ ಅರ್ಜಿ ಹಾಕಿ, ತೊಂಬತ್ತು ಸಾವಿರದ ಮಟ್ಟಿಗೆ "ಕೌಂಟರ್‌ಕ್ಲೇಮ್" ಎಂಬುದನ್ನು ತೆಗೆದು "ಸೆಟ್-ಆಫ್" ಎಂದು ಸೇರಿಸಲು ಅನುಮತಿ ಕೇಳುತ್ತಾನೆ.

ನಿಯಮ 17ರ ಮೊದಲ ಭಾಗ ಉದಾರವಾದದ್ದು: ವ್ಯವಹರಣೆಯ ಯಾವ ಹಂತದಲ್ಲಿಯೂ, ನಿಜವಾದ ವಿವಾದ ತೀರ್ಮಾನವಾಗಲು ಅಗತ್ಯವಾದ ತಿದ್ದುಪಡಿಗೆ ಅವಕಾಶ. 1999ರ ತಿದ್ದುಪಡಿ ಕಾಯಿದೆ ಈ ನಿಯಮವನ್ನೇ ಕಿತ್ತುಹಾಕಿತ್ತು. 2002ರಲ್ಲಿ ಅದು ಮರಳಿ ಬಂದಾಗ ಒಂದು ಪರಂತುಕವನ್ನು ಹೊತ್ತು ಬಂತು: ವಿಚಾರಣೆ ಆರಂಭವಾದ ಮೇಲೆ, ತಕ್ಕ ಎಚ್ಚರ ವಹಿಸಿಯೂ ಮೊದಲೇ ಈ ವಿಷಯ ಎತ್ತಲು ಆಗುತ್ತಿರಲಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ತಿದ್ದುಪಡಿ ಕೊಡುವಂತಿಲ್ಲ. ವಿಚಾರಣೆ ಆರಂಭವಾಗುವುದು ಯಾವಾಗ? ಕೈಲಾಶ್ ತೀರ್ಪು ವಿವಾದಾಂಶ ರಚನೆಯಾಗಿ ಸಾಕ್ಷ್ಯಕ್ಕೆ ನಿಗದಿಯಾಗುವುದನ್ನು ನೋಡುತ್ತದೆ. ಕರ್ನಾಟಕದಿಂದಲೇ ಹೋದ ವಿದ್ಯಾಬಾಯಿ ವಿರುದ್ಧ ಪದ್ಮಲತಾ ಪ್ರಕರಣದಲ್ಲಿ, ಮುಖ್ಯ ವಿಚಾರಣೆಯ ಪ್ರಮಾಣಪತ್ರ ಸಲ್ಲಿಕೆಯಾದಾಗ ವಿಚಾರಣೆ ಶುರುವಾದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿ, ಪರಂತುಕದ ಷರತ್ತು ಪೂರೈಸದೆ ತಿದ್ದುಪಡಿ ಕೊಡುವ ಅಧಿಕಾರವೇ ನ್ಯಾಯಾಲಯಕ್ಕೆ ಇಲ್ಲವೆಂದಿತು. ನಮ್ಮ ಅರ್ಜಿ ನವೆಂಬರಿನದು. ಯಾವ ಅಳತೆ ಹಿಡಿದರೂ ಗೆರೆ ದಾಟಿದ ಮೇಲೆ ಬಂದದ್ದು.

ಪರೀಕ್ಷೆಯ ಉತ್ತರ ಇಲ್ಲಿಗೆ ನಿಲ್ಲುತ್ತದೆ: ಚೀಟಿ ಮೊದಲ ದಿನದಿಂದ ಪ್ರತಿವಾದಿಯ ಕೈಯಲ್ಲೇ ಇತ್ತು, ತಕ್ಕ ಎಚ್ಚರ ತೋರಿಸಿಲ್ಲ, ಅರ್ಜಿ ವಜಾಕ್ಕೆ ಅರ್ಹ. ಕಾನೂನಿನ ತಪ್ಪು ತಿಳಿವಳಿಕೆಯನ್ನು ತಕ್ಕ ಎಚ್ಚರ ಎಂದು ಕರೆಯುವುದು ಕಷ್ಟ. ಅರ್ಜಿ ಮಂಜೂರಾದರೆ ಕಾಲಮಿತಿಯ ಮೇಲೆ ವಾದಿಗೆ ಈಗಾಗಲೇ ದಕ್ಕಿರುವ ತಕರಾರು ಕೈತಪ್ಪುತ್ತದೆ ಎಂಬುದೂ ಅವನ ಪರವಾದ ಗಟ್ಟಿ ಮಾತು. ಆದರೂ ನ್ಯಾಯಾಲಯದಲ್ಲಿ ನಿಂತವರಿಗೆ ಇನ್ನೊಂದು ದಾರಿ ಕಾಣಬೇಕು ಎಂಬುದು ನನ್ನ ಅಭಿಪ್ರಾಯ. ಬೆಲ್ಲ ಕೊಟ್ಟ ದಿನ, ತೂಕ, ದರ, ಬಾಕಿ, ನಾಲ್ಕೂ ಜುಲೈ 15ರ ಹೇಳಿಕೆಯಲ್ಲಿಯೇ ಇವೆ; ಮೊತ್ತ ವಾದಿಯ ಕೋರಿಕೆಗಿಂತ ಕಡಿಮೆ; ನಿಯಮ 6ರ ಎಲ್ಲ ಷರತ್ತು ಪೂರೈಸಿದೆ; ಶುಲ್ಕವೂ ಕಟ್ಟಿದೆ. ಪ್ಲೀಡಿಂಗನ್ನು ಅದರ ತಲೆಬರಹದಿಂದಲ್ಲ, ತಿರುಳಿನಿಂದ ಓದಬೇಕೆಂದು ವಾದಿಸಿ, ಇದು ಮೊದಲಿನಿಂದಲೂ ಸೆಟ್-ಆಫ್ ಎಂದೇ ವಿವಾದಾಂಶದ ಮೇಲೆ ಹೋರಾಡುವುದು, ಪರಂತುಕದ ಗೋಡೆಗೆ ತಲೆ ಕೊಡುವುದಕ್ಕಿಂತ ಮೇಲು. ಗೆಲುವು ಖಚಿತವೆಂದು ಹೇಳಲಾರೆ. 6-ಬಿ "ನಿರ್ದಿಷ್ಟವಾಗಿ ಹೇಳಬೇಕು" ಎನ್ನುವುದನ್ನು ಎದುರು ವಕೀಲರು ತಿರುಗಿಸಿ ಹಿಡಿದು, ಕೌಂಟರ್‌ಕ್ಲೇಮ್ ಎಂದು ನೀವೇ ನಿರ್ದಿಷ್ಟವಾಗಿ ಹೇಳಿದ್ದೀರಿ ಎಂದು ತೋರಿಸುತ್ತಾರೆ.

ಇದೇ ಅರ್ಜಿ ಆಗಸ್ಟ್ ತಿಂಗಳಲ್ಲಿ, ವಿವಾದಾಂಶ ರಚನೆಗೆ ಮೊದಲು, ಬಂದಿದ್ದರೆ ಪರಂತುಕದ ಮಾತೇ ಇರುತ್ತಿರಲಿಲ್ಲ. ಮೊದಲ ವಿಚಾರಣೆಯ ನಂತರವೂ ಸೆಟ್-ಆಫ್ ಎತ್ತಲು ನ್ಯಾಯಾಲಯ ಅನುಮತಿಸಬಹುದೆಂದು ನಿಯಮ 6 ಹೇಳುತ್ತದೆ. ಅನುಮತಿ ಸಿಕ್ಕಿದ ಮೇಲೆ ಆದೇಶದಲ್ಲಿ ಕಾಲ ನಿಗದಿಯಾಗಿಲ್ಲದಿದ್ದರೆ ಹದಿನಾಲ್ಕು ದಿನದೊಳಗೆ ತಿದ್ದಬೇಕು.

ಹೊಸ ಕೌಂಟರ್‌ಕ್ಲೇಮನ್ನು ತಡವಾಗಿ ತರುವ ವಿಚಾರ ಇದರಿಂದ ಬೇರೆ. ನಷ್ಟದ 1,60,000ವನ್ನು ಲಿಖಿತ ಹೇಳಿಕೆಯಲ್ಲಿ ಬಿಟ್ಟು, ಆಗಸ್ಟಿನಲ್ಲಿ ಪ್ರತ್ಯೇಕವಾಗಿ ಹಾಕಿದ್ದರೂ ನಡೆಯುತ್ತಿತ್ತು. 2019ರ ಅಶೋಕ್ ಕುಮಾರ್ ಕಾಲ್ರಾ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಲಿಖಿತ ಹೇಳಿಕೆಯ ನಂತರವೂ ಕೌಂಟರ್‌ಕ್ಲೇಮ್ ಸ್ವೀಕರಿಸುವ ವಿವೇಚನೆ ನ್ಯಾಯಾಲಯಕ್ಕೆ ಇದೆ, ಆದರೆ ವಿವಾದಾಂಶ ರಚನೆಯಾದ ಮೇಲೆ ಇಲ್ಲ ಎಂದಿತು. ಕರ್ನಾಟಕದವರೇ ಆಗಿದ್ದ ನ್ಯಾಯಮೂರ್ತಿ ಮೋಹನ್ ಶಾಂತನಗೌಡರ್ ಪ್ರತ್ಯೇಕವಾಗಿ ಬರೆದು, ಅಸಾಧಾರಣ ಸಂದರ್ಭಗಳಲ್ಲಿ ವಾದಿಯ ಸಾಕ್ಷ್ಯ ದಾಖಲಾತಿ ಶುರುವಾಗುವವರೆಗೂ ಬಿಡಬಹುದೆಂದರು. ಪ್ರಶ್ನೆಗೆ ಬಹುಮತದ ಉತ್ತರವನ್ನೇ ಗುರುತಿಸಬೇಕು.

ಇದರೊಡನೆ ಗಲಿಬಿಲಿ ಮಾಡಿಕೊಳ್ಳುವ ಇನ್ನೊಂದು ಸಂಗತಿ ಇದೆ. 2025ರ ಆಗಸ್ಟಿನಲ್ಲಿ ವರ್ತಕನ ಕಡೆಯವರು ಬಾಕಿಗೆಂದು ಆಲೆಮನೆಯಿಂದ ಎರಡು ಕೊಪ್ಪರಿಗೆ ಹೊತ್ತುಕೊಂಡು ಹೋದರು ಎನ್ನೋಣ. ವಿವಾದಾಂಶ ಇನ್ನೂ ರಚನೆಯಾಗಿಲ್ಲ. ಆದ್ದರಿಂದ ಕೌಂಟರ್‌ಕ್ಲೇಮ್ ಹಾಕಬಹುದಲ್ಲವೇ ಎಂದು ಅನೇಕರು ಬರೆಯುತ್ತಾರೆ. ಆಗದು. ಯಾವಾಗ ಹಾಕಬಹುದು ಎಂಬುದು ಒಂದು ಪ್ರಶ್ನೆ, ವ್ಯಾಜ್ಯಕಾರಣ ಯಾವಾಗ ಹುಟ್ಟಿರಬೇಕು ಎಂಬುದು ಇನ್ನೊಂದು. 6-ಎ ಪ್ರಕಾರ ವ್ಯಾಜ್ಯಕಾರಣ ದಾವೆಗೆ ಮೊದಲೋ ನಂತರವೋ ಹುಟ್ಟಿರಬಹುದು, ಆದರೆ ಪ್ರತಿವಾದಿ ತನ್ನ ಹೇಳಿಕೆ ಸಲ್ಲಿಸುವುದಕ್ಕೆ ಅಥವಾ ಅದಕ್ಕೆ ಕೊಟ್ಟ ಕಾಲ ಮುಗಿಯುವುದಕ್ಕೆ ಮೊದಲೇ ಹುಟ್ಟಿರಬೇಕು. ಹೇಳಿಕೆ ಜುಲೈ 15ರಂದೇ ಹೋಗಿದೆ, ಜುಲೈ 23ಕ್ಕೆ ಮೂವತ್ತು ದಿನವೂ ಮುಗಿದಿದೆ. ಕೊಪ್ಪರಿಗೆಗಳಿಗೆ ಬೇರೆ ದಾವೆಯೇ ದಾರಿ.

ಕೊನೆಗೆ ಡಿಕ್ರಿಯ ಲೆಕ್ಕ. ತಲೆಬರಹಗಳು ಮೊದಲೇ ಸರಿಯಾಗಿದ್ದವು, ನೋಟು ಪೂರ್ತಿ ರುಜುವಾತಾಯಿತು, ಬೆಲ್ಲದ ಬಾಕಿಯೂ ರುಜುವಾತಾಯಿತು, ನಷ್ಟದಲ್ಲಿ ನ್ಯಾಯಾಲಯ 60,000 ಮಾತ್ರ ಒಪ್ಪಿತು ಎಂದರೆ, 2,70,000ದಲ್ಲಿ 90,000ವೂ 60,000ವೂ ಕಳೆದು ವಾದಿಗೆ 1,20,000ದ ಡಿಕ್ರಿ. ನಷ್ಟ ಪೂರ್ತಿ ರುಜುವಾತಾಗಿದ್ದರೆ ವಾದಿಗೆ ಉಳಿಯುವುದು 20,000. ಬಾಕಿ ಪ್ರತಿವಾದಿಯ ಕಡೆಗೇ ಹೆಚ್ಚಿದ್ದರೆ ಅವನಿಗೇ ಡಿಕ್ರಿ ಆಗುತ್ತಿತ್ತು. 6-ಎಫ್ ಮತ್ತು 20ನೆಯ ಆದೇಶದ ನಿಯಮ 19 ಎರಡೂ ಅದಕ್ಕೆ ಎಡೆ ಕೊಡುತ್ತವೆ. ತೀರ್ಪಿಗೆ ಮೊದಲೇ ಲೆಕ್ಕ ತನಗೆ ತಿರುಗಿಬೀಳುವುದನ್ನು ಕಂಡು ವರ್ತಕ ದಾವೆ ಹಿಂತೆಗೆದುಕೊಂಡರೆ, ನಷ್ಟದ ಕೌಂಟರ್‌ಕ್ಲೇಮ್ 6-ಡಿ ನಿಯಮದ ಬಲದಿಂದ ತನ್ನಷ್ಟಕ್ಕೆ ಮುಂದುವರಿಯುತ್ತದೆ. ಆ ನಿಯಮ ಹೆಸರಿಸುವುದು ಕೌಂಟರ್‌ಕ್ಲೇಮನ್ನು ಮಾತ್ರ. ಆದ್ದರಿಂದ ಬೆಲ್ಲದ ತೊಂಬತ್ತು ಸಾವಿರವನ್ನು ಸೆಟ್-ಆಫ್ ಆಗಿ ಕೇಳಿರುವ ಪ್ರತಿವಾದಿಯ ವಕೀಲರು ಹಿಂತೆಗೆತದ ಮೆಮೊ ಬಂದ ದಿನ ನ್ಯಾಯಾಲಯದಲ್ಲಿ ಹಾಜರಿದ್ದು, ನಿಯಮ 6ರ ಎರಡನೆಯ ಉಪನಿಯಮ ಲಿಖಿತ ಹೇಳಿಕೆಗೆ ಎದುರು ದಾವೆಯ ವಾದಪತ್ರದ ಪರಿಣಾಮವನ್ನೇ ಕೊಟ್ಟಿದೆಯೆಂದು ಹೇಳಿ ತಕರಾರು ದಾಖಲಿಸಬೇಕಾಗುತ್ತದೆ.